ಅಪ್ಪನ ಹಳೇ ಫೇಸ್‌ಬುಕ್ ಖಾತೆ: ಪಾಸ್‌ವರ್ಡೂ ಇಲ್ಲ, ಇಮೇಲೂ ಇಲ್ಲ, ಮುಚ್ಚೋದು ಹೇಗೆ?

ಪ್ರಶ್ನೆ: ನಮ್ಮಪ್ಪನಿಗೆ 76 ವರ್ಷ, ಮೇಷ್ಟ್ರಾಗಿ ರಿಟೈರ್ ಆದವರು. 2011ರಲ್ಲಿ ಯಾರೋ ಅವರಿಗೆ ಫೇಸ್‌ಬುಕ್ ಖಾತೆ ಮಾಡಿಕೊಟ್ಟಿದ್ದರು. ನಾಲ್ಕೈದು ವರ್ಷದಿಂದ ಮುಟ್ಟಿಲ್ಲ. ಪಾಸ್‌ವರ್ಡ್ ನೆನಪಿಲ್ಲ, ಅದಕ್ಕೆ ಕೊಟ್ಟಿದ್ದ ಯಾಹೂ ಇಮೇಲೂ ತೆಗೆಯೋಕಾಗ್ತಿಲ್ಲ. ಖಾತೆ ಮಾತ್ರ ಎಲ್ಲರಿಗೂ ಕಾಣ್ತಾನೇ ಇದೆ. ಅದನ್ನ ಪೂರ್ತಿ ಮುಚ್ಚಿಸಿಬಿಡು ಅಂತ ಅಪ್ಪ ದಿನಾ ಹೇಳ್ತಾರೆ. ಏನು ಮಾಡಲಿ?

ಉತ್ತರ: ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಓಡಾಡಿಕೊಂಡಿರುವ ಒಬ್ಬರ ಖಾತೆಯನ್ನು ಮಗನೋ ಮಗಳೋ ಹೊರಗಿನಿಂದ ಅರ್ಜಿ ಹಾಕಿ ಮುಚ್ಚಿಸುವ ವ್ಯವಸ್ಥೆ ಫೇಸ್‌ಬುಕ್‌ನಲ್ಲಿಲ್ಲ. ಕಾಯಿಲೆಯಿಂದ ಖಾತೆ ನೋಡಿಕೊಳ್ಳಲು ಆಗದೇ ಇರುವವರಿಗೆ ಮತ್ತು ತೀರಿಹೋದವರಿಗೆ ಬೇರೆ ಫಾರಂ ಇದೆ, ನಿಮ್ಮಪ್ಪನಿಗೆ ಅದು ಸಲ್ಲುವುದಿಲ್ಲ. ಅಳಿಸುವ ಗುಂಡಿ ಇರುವುದು ಖಾತೆಯ ಒಳಗೆ. ಅದನ್ನು ಒತ್ತಿದಾಗಲೂ ಪಾಸ್‌ವರ್ಡ್ ಕೇಳುತ್ತದೆ. ಹಾಗಾಗಿ ನಿಮಗೆ ಬೇಕಿರುವುದು ಒಂದೇ ಒಂದು ಸಲ ಒಳಗೆ ಹೋಗುವ ದಾರಿ.

ಪಾಸ್‌ವರ್ಡ್ ಹೋಯಿತು, ಇಮೇಲ್ ಹೋಯಿತು ಅಂದಿರಿ. ಮೊಬೈಲ್ ನಂಬರಿನ ಮಾತೇ ಎತ್ತಲಿಲ್ಲ, ಅಲ್ವಾ? ನನ್ನ ಬಳಿ ಇಂಥ ಖಾತೆ ತಂದವರಲ್ಲಿ ಬಹಳಷ್ಟು ಜನ ಹೀಗೇ ಹೇಳಿದ್ದಾರೆ. ಇಮೇಲ್ ಕೊಟ್ಟು ಖಾತೆ ತೆರೆದವರ ಹತ್ತಿರವೂ ಫೇಸ್‌ಬುಕ್ ಆಮೇಲೆ ಮೊಬೈಲ್ ನಂಬರ್ ಕೇಳುತ್ತಲೇ ಇತ್ತು. ಯಾವತ್ತೋ ಒಂದು ದಿನ ಯಾರದ್ದೋ ನಂಬರ್ ಹಾಕಿರುತ್ತಾರೆ. ಅದು ಯಾರದ್ದು ಅಂತ ಪತ್ತೆ ಮಾಡುವುದರಲ್ಲೇ ಅರ್ಧ ಕೆಲಸ ಇದೆ.

ಶುರು ಮಾಡುವ ಮುಂಚೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಖಾತೆ ಅವರದ್ದು, ನಡುವೆ ಬರುವ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದೂ ಅವರಿಗೇ. ಆ ಖಾತೆಯಲ್ಲಿ ಸ್ನೇಹಿತರಾಗಿರುವ ನೆಂಟರೊಬ್ಬರ ಫೋನಿನಲ್ಲಿ ಅಪ್ಪನ ಪ್ರೊಫೈಲ್ ತೆರೆಸಿ, ಮೂರು ಚುಕ್ಕಿ ಒತ್ತಿಸಿ, ಅಲ್ಲಿಂದ ಪ್ರೊಫೈಲ್‌ನ ಲಿಂಕ್ ಕಾಪಿ ಮಾಡಿ ನಿಮಗೆ ಕಳಿಸಲು ಹೇಳಿ. ಒಂದೇ ಹೆಸರಿನವರು ಸಾವಿರ ಜನ ಇರುತ್ತಾರೆ. ಲಿಂಕ್ ಇದ್ದರೆ ಯಾವ ಖಾತೆ ಅನ್ನುವ ಗೊಂದಲ ಇರುವುದಿಲ್ಲ, ಮುಂದೆ ದೂರು ಕೊಡಬೇಕಾದರೂ ಅದೇ ಬೇಕು. ಕೆಲವು ಮನೆಗಳಲ್ಲಿ ಈ ಹಂತದಲ್ಲೇ ಅಪ್ಪನ ಹೆಸರಲ್ಲಿ ಎರಡು ಖಾತೆ ಇರುವುದು ಗೊತ್ತಾಗುತ್ತದೆ.

ಈಗ ಅಪ್ಪ ಹಿಂದೆ ಫೇಸ್‌ಬುಕ್ ನೋಡುತ್ತಿದ್ದ ಕಂಪ್ಯೂಟರೋ ಫೋನೋ ಮನೆಯಲ್ಲಿದ್ದರೆ ಅದರಲ್ಲೇ, ಅವರ ಮನೆಯ ವೈಫೈಯಲ್ಲೇ, ಈ ಪುಟ ತೆರೆಯಿರಿ:

```
facebook.com/login/identify
```

ಹಳೇ ಸಾಧನದಲ್ಲೇ ಮಾಡಿ ಅನ್ನುವುದಕ್ಕೆ ಕಾರಣ ಇದೆ. ಖಾತೆ ಕೇಳುತ್ತಿರುವವರು ಮೊದಲಿನ ಸಾಧನದಿಂದ, ಮೊದಲಿನ ಜಾಗದಿಂದ ಬಂದಿದ್ದಾರಾ ಅಂತ ಫೇಸ್‌ಬುಕ್ ನೋಡುತ್ತದೆ. ಬೆಂಗಳೂರಿನ ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ತೋರಿಸದ ದಾರಿಯನ್ನು ಊರಿನ ಹಳೇ ಕಂಪ್ಯೂಟರಿನಲ್ಲಿ ತೋರಿಸಬಹುದು.

ಆ ಪುಟದಲ್ಲಿ ಹಳೇ ಇಮೇಲ್ ವಿಳಾಸ ಹಾಕಿ. ಅದೂ ನೆನಪಿಲ್ಲದಿದ್ದರೆ ಲಿಂಕ್‌ನಲ್ಲಿ `facebook.com/` ಆದಮೇಲೆ ಬರುವ ಹೆಸರು ಹಾಕಿ, ಇಲ್ಲವೇ ಪ್ರೊಫೈಲ್‌ನಲ್ಲಿ ಇರುವ ಹಾಗೇ ಪೂರ್ತಿ ಹೆಸರು ಹಾಕಿ. ಖಾತೆ ಸಿಕ್ಕರೆ, ಕೋಡ್ ಎಲ್ಲಿಗೆ ಕಳಿಸಲಿ ಅಂತ ಕೇಳುತ್ತಾ ವಿಳಾಸಗಳನ್ನು ಅರ್ಧಂಬರ್ಧ ಮುಚ್ಚಿ ತೋರಿಸುತ್ತದೆ. ಇಮೇಲ್‌ನ ಮೊದಲ ಅಕ್ಷರ, ನಡುವೆ ಬರೀ ನಕ್ಷತ್ರ. ಮೊಬೈಲ್ ನಂಬರಿನದ್ದು ಕೊನೆಯ ಒಂದೆರಡು ಅಂಕಿ. ಇಲ್ಲಿ ಕೈ ತಡೆದುಕೊಳ್ಳಿ. ಏನನ್ನೂ ಒತ್ತಬೇಡಿ, ಆ ಸ್ಕ್ರೀನಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಯಾಕೆ ಅಂತ ನಮ್ಮ ಮನೆಯದ್ದೇ ಒಂದು ಉದಾಹರಣೆ ಹೇಳುತ್ತೇನೆ. ತಿಪಟೂರಿನಲ್ಲಿರುವ ನಮ್ಮ ಸೋದರಮಾವನಿಗೆ 78 ವರ್ಷ. ಅವರ ಖಾತೆ 2012ರದ್ದು. ಮುಚ್ಚಬೇಕು ಅಂತ ಅವರ ಮಗಳು ಕೂತಳು. ಸ್ಕ್ರೀನಿನಲ್ಲಿ ಒಂದು ಯಾಹೂ ವಿಳಾಸ, ಒಂದು ನಂಬರ್ ಬಂತು. ನಂಬರಿನ ಕೊನೆಗೆ 63. ಮಾವನ ನಂಬರ್ ಅದಲ್ಲ, ಅತ್ತೆಯದ್ದೂ ಅಲ್ಲ. ಆದರೂ ಬಂದರೆ ಬರಲಿ ಅಂತ ಅವಳು ಕೋಡ್ ಕಳಿಸುವ ಗುಂಡಿ ಒತ್ತಿದಳು. ಬರಲಿಲ್ಲ. ಮತ್ತೆ ಒತ್ತಿದಳು. ಹೀಗೆ ಆರು ಸಲ ಆದಮೇಲೆ, ತುಂಬಾ ಸಲ ಪ್ರಯತ್ನಿಸಿದ್ದೀರಿ, ಆಮೇಲೆ ಬನ್ನಿ ಅಂತ ಫೇಸ್‌ಬುಕ್ ಬಾಗಿಲು ಹಾಕಿಕೊಂಡಿತು. ಆಗ ನನಗೆ ಫೋನ್ ಬಂತು. ಒಂದು ದಿನ ಆ ಪುಟದ ಕಡೆ ಹೋಗಲೇಬೇಡ, ಅಷ್ಟರೊಳಗೆ ಮನೆಯಲ್ಲಿರುವ ಹಳೇ ನಂಬರ್ ಬರೆದಿಟ್ಟ ಜಾಗಗಳನ್ನೆಲ್ಲ ಹುಡುಕು ಅಂದೆ. ಮದುವೆ ಕರೆಯೋಲೆ ಹಂಚುವಾಗ ಬರೆದ ಪಟ್ಟಿ, ಪಾಸ್‌ಬುಕ್‌ನ ಹಿಂಬದಿ, ಗೋಡೆಯ ಕ್ಯಾಲೆಂಡರ್, ಎಲ್ಲ.

ಸಿಕ್ಕಿದ್ದು ಗ್ಯಾಸ್ ಪುಸ್ತಕದ ಕೊನೇ ಹಾಳೆಯಲ್ಲಿ. ಹಸಿರು ಇಂಕಿನಲ್ಲಿ ಮಾವನದ್ದೇ ದುಂಡನೆ ಅಕ್ಷರ, "ಪುಟ್ಟ" ಅಂತ ಬರೆದು ಮುಂದೆ ಒಂದು ನಂಬರ್, ಕೊನೆಗೆ 63. ಪುಟ್ಟ ಅಂದರೆ ಮಾವನ ತಮ್ಮನ ಮಗ. ಆಗ ಕಾಲೇಜು ಓದುತ್ತಿದ್ದ, ಖಾತೆ ಮಾಡಿಕೊಟ್ಟಿದ್ದೂ ಅವನೇ, ಕೋಡ್ ಬೇಗ ಬರಲಿ ಅಂತ ತನ್ನ ನಂಬರ್ ಹಾಕಿಬಿಟ್ಟಿದ್ದ. ಅವನ ಹತ್ತಿರ ಅದೇ ನಂಬರ್ ಇವತ್ತಿಗೂ ಇದೆ. ಫೋನ್ ಮಾಡಿದರೆ, ನಿನ್ನೆ ಆರು ಮೆಸೇಜು ಬಂದವು ಅಕ್ಕ, ಯಾವನೋ ಕಳ್ಳ ಅಂದ್ಕೊಂಡು ಅಳಿಸಿಬಿಟ್ಟೆ ಅಂದ. ಅವನು ಮಾಡಿದ್ದು ಸರಿಯೇ. ತಾನು ಕೇಳದ ಕೋಡ್ ಬಂದರೆ ಯಾರಿಗೂ ಹೇಳಬಾರದು. ಮಾರನೇ ದಿನ ಅವನನ್ನು ಫೋನಿನಲ್ಲಿ ಇಟ್ಟುಕೊಂಡೇ ಒಂದು ಸಲ ಒತ್ತಿದೆವು, ಅವನು ಕೋಡ್ ಓದಿ ಹೇಳಿದ, ಹೊಸ ಪಾಸ್‌ವರ್ಡ್ ಹಾಕಿದೆವು, ಒಳಗೆ ಹೋದೆವು.

ನಿಮ್ಮಲ್ಲೂ ಹೀಗೇ ಹುಡುಕಿ. ಖಾತೆ ತೆರೆದುಕೊಟ್ಟವರು ಯಾರು ಅಂತ ಅಪ್ಪನನ್ನು ಕೇಳಿ. ಪಾಸ್‌ವರ್ಡ್ ಏನು ಅಂತ ಕೇಳಿದರೆ ಅವರಿಗೆ ಹೊಳೆಯುವುದಿಲ್ಲ, ಪಕ್ಕದಲ್ಲಿ ಕೂತು ಮಾಡಿಕೊಟ್ಟ ಹುಡುಗ ಯಾರು ಅಂದರೆ ಥಟ್ಟನೆ ಹೇಳುತ್ತಾರೆ.

ನಂಬರ್ ಅಪ್ಪನದ್ದೇ, ಆದರೆ ಸಿಮ್ ಕಳೆದುಹೋಗಿದೆ ಅನ್ನಿ. ನಂಬರ್ ಇನ್ನೂ ಅವರ ಹೆಸರಲ್ಲೇ ಚಾಲ್ತಿಯಲ್ಲಿದ್ದರೆ ಕಂಪನಿಯ ಅಂಗಡಿಗೆ ಅಪ್ಪನನ್ನೇ ಕರೆದುಕೊಂಡು ಹೋಗಿ ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ ಹಾಕಿದ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಸಿಮ್ ಕದ್ದು ಬ್ಯಾಂಕಿನ ದುಡ್ಡು ಹೊಡೆಯುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿರುವ ನಿಯಮ ಅದು. ಆ ದಿನ ಸುಮ್ನೆ ಇರಿ, ಕೋಡ್ ಕೇಳಬೇಡಿ.

ರೀಚಾರ್ಜ್ ಮಾಡದೆ ವರ್ಷಗಳಾಗಿದ್ದರೆ ಕಥೆ ಬೇರೆ. 90 ದಿನ ಬಳಕೆಯೇ ಇಲ್ಲದ ನಂಬರನ್ನು ಕಂಪನಿ ನಿಲ್ಲಿಸಬಹುದು. ನಿಲ್ಲಿಸಿ ಇನ್ನೊಂದು 90 ದಿನ ಆದಮೇಲೆ ಬೇರೆಯವರಿಗೆ ಕೊಡಬಹುದು. ಆ ನಂಬರಿಗೆ ಕರೆ ಮಾಡಿ ನೋಡಿ. ಗುರುತಿಲ್ಲದವರು ಎತ್ತಿದರೆ ಅವರ ಹತ್ತಿರ ಕೋಡ್ ಕೇಳಲು ಹೋಗಬೇಡಿ, ನಂಬರ್ ತಪ್ಪಾಯಿತು ಅಂತ ಇಟ್ಟುಬಿಡಿ. ಆ ಮನುಷ್ಯ ಮನಸ್ಸು ಮಾಡಿದರೆ ಅದೇ ನಂಬರಿನಿಂದ ನಿಮ್ಮಪ್ಪನ ಖಾತೆಯೊಳಗೆ ಹೋಗಬಹುದು, ಅದು ಅವರಿಗೆ ಗೊತ್ತಾಗದೇ ಇರುವುದೇ ಒಳ್ಳೆಯದು. ಖಾತೆ ಮುಚ್ಚಿಸಿಬಿಡು ಅಂತ ಅಪ್ಪ ಹೇಳುತ್ತಿರುವುದು ಸರಿ ಅಂತ ನನಗೆ ಜಾಸ್ತಿ ಅನ್ನಿಸುವುದೂ ಇದಕ್ಕೇ.

ನಂಬರಿನ ದಾರಿ ಮುಚ್ಚಿದ್ದರೆ ಹಳೇ ಸಾಧನ ನೋಡಿ. ಅಪ್ಪ ಬಿಸಾಡದೆ ಇಟ್ಟಿರುವ ಫೋನೋ ಟ್ಯಾಬೋ ಬೀರುವಿನಲ್ಲಿ ಇರುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಬೇಡಿ, ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ಆನ್ ಮಾಡಿಸಿ. ಅದರಲ್ಲಿ ಫೇಸ್‌ಬುಕ್ ಇನ್ನೂ ಲಾಗಿನ್ ಆಗಿಯೇ ಇದ್ದರೆ ದೊಡ್ಡ ಅನುಕೂಲ, ಯಾವ ಕಾರಣಕ್ಕೂ ಲಾಗ್ ಔಟ್ ಮಾಡಬೇಡಿ. ಆದರೆ ಅಷ್ಟರಿಂದಲೇ ಅಳಿಸಲು ಆಗುವುದಿಲ್ಲ, ಪಾಸ್‌ವರ್ಡ್ ಬೇಕೇ ಬೇಕು. ಅದು ಬ್ರೌಸರಿನಲ್ಲಿ ಉಳಿದಿರಬಹುದು. ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಹೀಗೆ ಟೈಪ್ ಮಾಡಿ:

```
chrome://settings/passwords
```

ಅಪ್ಪನ ಆಂಡ್ರಾಯ್ಡ್ ಫೋನಿನ ಜಿಮೇಲ್ ಖಾತೆಯಲ್ಲೇ ಲಾಗಿನ್ ಆಗಿ `passwords.google.com` ಕೂಡ ನೋಡಿ. ಫೇಸ್‌ಬುಕ್‌ದು ಇಲ್ಲದಿದ್ದರೂ ಯಾಹೂದು ಇದ್ದೀತು. ಆಗ ಇಮೇಲ್ ಕಡೆಯಿಂದ ದಾರಿ ತೆರೆಯಬಹುದು.

ಇಮೇಲ್ ಹೋಯಿತು ಅಂದಿರಲ್ಲ, ಯಾವ ರೀತಿ ಹೋಗಿದೆ ಅಂತಲೂ ಒಮ್ಮೆ ನೋಡಬೇಕು. ಬರೀ ಪಾಸ್‌ವರ್ಡ್ ಮರೆತಿದ್ದರೆ ಅದಕ್ಕೆ ಜೋಡಿಸಿದ ಮೊಬೈಲ್ ನಂಬರಿನಿಂದ ತೆಗೆಯಬಹುದು. ಆದರೆ ಯಾಹೂ ಒಂದು ವರ್ಷ ತೆರೆಯದ ಪೆಟ್ಟಿಗೆಯನ್ನು ನಿಲ್ಲಿಸುತ್ತದೆ, ಗೂಗಲ್ ಎರಡು ವರ್ಷ ಮುಟ್ಟದ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಅಳಿಸುತ್ತಿದೆ. ನಾಲ್ಕೈದು ವರ್ಷ ತೆರೆದಿಲ್ಲ ಅಂದರೆ ನಾನು ಇಮೇಲ್ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳುವುದಿಲ್ಲ. ಒಂದು ಸಂಜೆ ನೋಡಿ, ಆಗದಿದ್ದರೆ ಬಿಟ್ಟು ಮುಂದೆ ಹೋಗಿ.

ಇನ್ನು ಗುರುತಿನ ಚೀಟಿಯ ದಾರಿ. ಆ ಮುಚ್ಚಿದ ವಿಳಾಸಗಳ ಸ್ಕ್ರೀನಿನಲ್ಲೇ ಕೆಳಗೆ ಕೆಲವರಿಗೆ "No longer have access to these?" ಅಂತ ಕಾಣುತ್ತದೆ. ಎಲ್ಲರಿಗೂ ಕಾಣುವುದಿಲ್ಲ, ಹಳೇ ಸಾಧನದಲ್ಲಿ ಕಾಣುವ ಸಾಧ್ಯತೆ ಜಾಸ್ತಿ. ಅದನ್ನು ಒತ್ತಿದರೆ ಒಂದು ಹೊಸ ಇಮೇಲ್ ಕೇಳಬಹುದು, ಬೇರೆ ಯಾವ ಫೇಸ್‌ಬುಕ್ ಖಾತೆಗೂ ಜೋಡಿಸದ ಇಮೇಲ್ ಕೊಡಿ. ನಿಮ್ಮದನ್ನು ಕೊಡುವ ಬದಲು ಅಪ್ಪನ ಹೆಸರಲ್ಲೇ ಹೊಸದೊಂದು ಮಾಡಿ. ಆಮೇಲೆ ಚೀಟಿಯ ಫೋಟೊ, ಕೆಲವು ಸಲ ಮುಖದ ವಿಡಿಯೊ ಕೇಳುತ್ತದೆ. ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ನಡೆಯುತ್ತವೆ.

ಹಿರಿಯರ ಖಾತೆಗಳು ಜಾಸ್ತಿ ಎಡವುವುದು ಇಲ್ಲೇ. ಖಾತೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಜೊತೆಗೆ ಊರಿನ ಹೆಸರು. ಚೀಟಿಯಲ್ಲಿ ಇನಿಷಿಯಲ್ ಜೊತೆ ಪೂರ್ತಿ ಹೆಸರು. ಹುಟ್ಟಿದ ದಿನ ಖಾತೆಯಲ್ಲಿ ಜನವರಿ 1, ಯಾಕೆಂದರೆ ಅವತ್ತು ಯಾರೋ ಅವಸರದಲ್ಲಿ ಮೊದಲು ಕಂಡದ್ದನ್ನು ಒತ್ತಿರುತ್ತಾರೆ. ನೋಡುವವರಿಗೆ ಇವರಿಬ್ಬರೂ ಬೇರೆ ಬೇರೆ ಜನ. ಆದ್ದರಿಂದ ಚೀಟಿ ಕಳಿಸುವ ಮುಂಚೆ ನೆಂಟರ ಫೋನಿನಲ್ಲಿ ಪ್ರೊಫೈಲ್ ತೆರೆದು, ಅಲ್ಲಿರುವ ಹೆಸರಿಗೆ ಯಾವ ಚೀಟಿ ಹತ್ತಿರ ಅಂತ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಪ್ರೊಫೈಲ್‌ನಲ್ಲಿ ಅಪ್ಪನ ಮುಖ ಇರುವ ಫೋಟೊ ಇದ್ದರೆ ಮುಖ ಸ್ಪಷ್ಟವಾಗಿರುವ ಚೀಟಿ ಆರಿಸಿ. ದೇವರ ಫೋಟೊನೋ ಮೊಮ್ಮಗುವಿನ ಫೋಟೊನೋ ಇದ್ದರೆ ಹೆಸರು, ಹುಟ್ಟಿದ ದಿನ ಇವುಗಳ ಮೇಲೇ ನಿಲ್ಲಬೇಕಾಗುತ್ತದೆ.

ಫೋಟೊವನ್ನು ಬೆಳಗ್ಗೆ ಕಿಟಕಿ ಪಕ್ಕ ತೆಗೆಯಿರಿ, ಫ್ಲ್ಯಾಷ್ ಬೇಡ. ಲ್ಯಾಮಿನೇಷನ್ ಮೇಲೆ ಬೆಳಕು ಹೊಳೆದು ಹೆಸರಿನ ಎರಡು ಅಕ್ಷರ ಮುಚ್ಚಿಹೋದರೂ ವಾಪಸ್ ಬರುತ್ತದೆ. ಕಾರ್ಡನ್ನು ಕಪ್ಪು ಬಟ್ಟೆಯ ಮೇಲಿಟ್ಟು ನಾಲ್ಕೂ ಮೂಲೆ ಕಾಣುವ ಹಾಗೆ ತೆಗೆಯಿರಿ. ವಿಳಾಸ ಮತ್ತು ಕಾರ್ಡಿನ ಸಂಖ್ಯೆಯನ್ನು ಒಂದು ಕಾಗದದ ಚೂರಿನಿಂದ ಮುಚ್ಚಬಹುದು. ಹೆಸರು, ಹುಟ್ಟಿದ ದಿನ, ಮುಖ ಮಾತ್ರ ಕಾಣಲಿ.

ಇದಾವುದೂ ಆಗಲಿಲ್ಲ ಅಂದರೆ ನಮ್ಮ ದೇಶದಲ್ಲಿ ಇನ್ನೊಂದು ಮೆಟ್ಟಿಲು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಭಾರತದಲ್ಲಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಡಬೇಕು. ಫೇಸ್‌ಬುಕ್‌ನ ಸಹಾಯ ಪುಟಗಳಲ್ಲಿ `Grievance Officer` ಅಂತ ಹುಡುಕಿದರೆ ದೂರು ಕೊಡುವ ವಿವರ ಸಿಗುತ್ತದೆ. ದೂರು ಅಪ್ಪನ ಹೆಸರಲ್ಲೇ, ಅವರ ಇಮೇಲ್‌ನಿಂದಲೇ ಹೋಗಲಿ. ಉದ್ದ ಬರೆಯಬೇಡಿ. ಇದು ನನ್ನ ಖಾತೆ, ಇದು ಅದರ ಲಿಂಕ್, ಇದಕ್ಕೆ ಕೊಟ್ಟಿದ್ದ ಇಮೇಲ್ ಮತ್ತು ನಂಬರ್ ಈಗ ನನ್ನ ಕೈಯಲ್ಲಿಲ್ಲ, ಇಂಥ ದಿನ ಹೀಗೆ ಪ್ರಯತ್ನಿಸಿದಾಗ ಈ ಸ್ಕ್ರೀನ್ ಬಂತು, ಗುರುತಿನ ಚೀಟಿ ಕೊಡಲು ತಯಾರಿದ್ದೇನೆ, ಖಾತೆ ನನ್ನದೆಂದು ಖಚಿತಪಡಿಸಿಕೊಂಡು ಶಾಶ್ವತವಾಗಿ ಅಳಿಸಿ. ಇಷ್ಟು ಸಾಕು. ನೀವು ತೆಗೆದಿಟ್ಟ ಸ್ಕ್ರೀನ್ ಫೋಟೊಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ದೂರು ತಲುಪಿದೆ ಅಂತ 24 ಗಂಟೆಯೊಳಗೆ ಅವರು ತಿಳಿಸಬೇಕು. ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ಅದು ಬಂದ 30 ದಿನದೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು, ವಿಳಾಸ `gac.gov.in`. ಖಾತೆ ಮುಚ್ಚಿಯೇ ಮುಚ್ಚುತ್ತಾರೆ ಅಂತ ನಾನು ಮಾತು ಕೊಡಲಾರೆ. ಆದರೆ ಉತ್ತರವೇ ಕೊಡದ ಫಾರಂಗಳಿಗಿಂತ, ಉತ್ತರ ಕೊಡಲೇಬೇಕಾದ ಒಬ್ಬರ ಮುಂದೆ ಕಾಗದ ಇಟ್ಟಂತಾಗುತ್ತದೆ.

ಎರಡು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಗೂಗಲ್‌ನಲ್ಲಿ ಫೇಸ್‌ಬುಕ್ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಬೇಡಿ. ಪಾಸ್‌ವರ್ಡ್ ಮರೆತವರಿಗೆ ಅಂಥ ಫೋನ್ ನಂಬರನ್ನು ಫೇಸ್‌ಬುಕ್ ಇಟ್ಟಿಲ್ಲ. ಅಲ್ಲಿ ಸಿಗುವ ನಂಬರುಗಳಲ್ಲಿ ಮಾತಾಡುವವರು ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಟ್ಟಿ ಅಂತ ಶುರು ಮಾಡಿ, ಪೆನ್ಷನ್ ಖಾತೆಗೆ ಕೈ ಹಾಕುತ್ತಾರೆ. ಅಪ್ಪ ಆಗಲೇ ಅಂಥ ಕಡೆ ಮಾತಾಡಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನೊಂದು, ಖಾತೆದಾರರು ತೀರಿಹೋಗಿದ್ದಾರೆ ಅಂತ ಸುಳ್ಳು ಅರ್ಜಿ ಹಾಕುವುದು. ಇದು ಸುಲಭ ಅಂತ ಯಾರಾದರೂ ಹೇಳಿಕೊಡುತ್ತಾರೆ. ಅದಕ್ಕೆ ಮರಣ ಪ್ರಮಾಣಪತ್ರ ಕೇಳುತ್ತಾರೆ, ಬದುಕಿರುವವರಿಗೆ ಎಲ್ಲಿಂದ ತರುತ್ತೀರಿ? ಅಕಸ್ಮಾತ್ ಖಾತೆಗೆ ಸ್ಮರಣಾರ್ಥ ಅನ್ನುವ ಗುರುತು ಬಿದ್ದರೆ ಯಾರೂ ಅದರಲ್ಲಿ ಲಾಗಿನ್ ಆಗಲು ಬರುವುದಿಲ್ಲ, ಅಪ್ಪನ ಹಳೇ ಸ್ನೇಹಿತರು ಅದನ್ನು ನೋಡಿ ಮನೆಗೆ ಫೋನ್ ಮಾಡುತ್ತಾರೆ. ಆ ಫೋನ್ ಅಪ್ಪನೇ ಎತ್ತಬೇಕಾಗುತ್ತದೆ.

ಈಗ ಒಳಗೆ ಹೋದಿರಿ ಅಂತ ಇಟ್ಟುಕೊಳ್ಳೋಣ. ಅಳಿಸಲು ಅವಸರ ಮಾಡಬೇಡಿ. ತಿಪಟೂರಿನಲ್ಲಿ ನಾವು ಒಳಗೆ ಹೋದ ತಕ್ಷಣ ಬೇರೆ ಸಾಧನಗಳಿಂದೆಲ್ಲ ಲಾಗ್ ಔಟ್ ಮಾಡಿಸಿ, ಮಾವನ ಈಗಿನ ನಂಬರ್ ಸೇರಿಸಿ, ಪುಟ್ಟನದ್ದು ತೆಗೆದೆವು. ಆಮೇಲೆ ಮಾವನ ಕೈಗೇ ಮೌಸ್ ಕೊಟ್ಟು, ಏನೇನಿದೆ ನೋಡಿ ಅಂದೆವು. ಎರಡು ವಿಷಯ ಹೊರಬಂತು. ಒಂದು, ಅತ್ತೆಯ ಅರವತ್ತನೇ ವರ್ಷದ ಫೋಟೊಗಳು ಮನೆಯಲ್ಲಿ ಎಲ್ಲೂ ಇರಲಿಲ್ಲ, ಅಲ್ಲಿ ಇದ್ದವು. ಇನ್ನೊಂದು, ನಿವೃತ್ತ ನೌಕರರ ಸಂಘದ ಪುಟಕ್ಕೆ ಮಾವ ಒಬ್ಬರೇ ಅಡ್ಮಿನ್ ಆಗಿದ್ದರು. ಒಬ್ಬರೇ ಅಡ್ಮಿನ್ ಇರುವ ಪುಟ ಅವರ ಖಾತೆಯ ಜೊತೆಗೇ ಅಳಿಸಿಹೋಗುತ್ತದೆ. ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ ಅವರನ್ನೂ ಅಡ್ಮಿನ್ ಮಾಡಿದ ಮೇಲೇ ಮುಂದೆ ಹೋದೆವು.

ಫೋಟೊ, ಬರಹ ಎಲ್ಲ ಇಳಿಸಿಕೊಳ್ಳಲು ಸೆಟ್ಟಿಂಗ್ಸ್‌ನಲ್ಲಿ `Accounts Center`, ಅದರೊಳಗೆ `Your information and permissions`. ಕೇಳಿದ ತಕ್ಷಣ ಸಿಗುವುದಿಲ್ಲ. ಫೈಲು ತಯಾರಾದ ಮೇಲೆ ತಿಳಿಸುತ್ತಾರೆ, ಕೆಲವು ದಿನ ಮಾತ್ರ ಇಟ್ಟಿರುತ್ತಾರೆ, ಬಂದ ದಿನವೇ ಪೆನ್‌ಡ್ರೈವ್‌ಗೆ ಹಾಕಿ. ಅದನ್ನು ತೆರೆದು ಫೋಟೊಗಳು ನಿಜವಾಗಿ ಬಂದಿವೆಯಾ ಅಂತ ಅಪ್ಪನಿಗೆ ತೋರಿಸಿದ ಮೇಲೆ, ಅದೇ `Accounts Center` ಒಳಗೆ `Personal details`, ಆಮೇಲೆ `Account ownership and control`, ಆಮೇಲೆ `Deactivation or deletion`. ಅಲ್ಲಿ ಎರಡು ಆಯ್ಕೆ ಇರುತ್ತದೆ. `Deactivate` ಅಂದರೆ ಸುಮ್ನೆ ಮರೆಮಾಡುವುದು, ಖಾತೆ ಹಾಗೇ ಇರುತ್ತದೆ. ನಿಮಗೆ ಬೇಕಿರುವುದು `Delete account`.

ಒತ್ತಿದ ಮೇಲೆ ಪ್ರೊಫೈಲ್ ಬೇರೆಯವರಿಗೆ ಕಾಣುವುದು ನಿಲ್ಲುತ್ತದೆ, ಆದರೆ 30 ದಿನ ಮನಸ್ಸು ಬದಲಿಸಲು ಅವಕಾಶ ಇರುತ್ತದೆ. ಆ 30 ದಿನದಲ್ಲಿ ಯಾರಾದರೂ ಲಾಗಿನ್ ಆಗಿ ಗೊತ್ತಿಲ್ಲದೆ ರದ್ದುಮಾಡುವ ಗುಂಡಿ ಒತ್ತಿದರೆ ಖಾತೆ ವಾಪಸ್ ಬಂದುಬಿಡುತ್ತದೆ. ಹಾಗಾಗಿ ಅಪ್ಪನ ಫೋನು, ಹಳೇ ಟ್ಯಾಬು, ಮನೆ ಕಂಪ್ಯೂಟರು, ಎಲ್ಲದರಿಂದ ಫೇಸ್‌ಬುಕ್ ಮತ್ತು ಮೆಸೆಂಜರ್ ತೆಗೆದುಹಾಕಿ, ಬ್ರೌಸರಿನಲ್ಲಿ ಉಳಿದಿರುವ ಪಾಸ್‌ವರ್ಡನ್ನೂ ಅಳಿಸಿ. ಮೊಮ್ಮಕ್ಕಳು ಅಜ್ಜನ ಫೇಸ್‌ಬುಕ್‌ನಿಂದ ಲಾಗಿನ್ ಆಗಿ ಆಡುವ ಆಟ ಇದ್ದರೆ ಅದರ ಲಾಗಿನ್ ಮೊದಲೇ ಬದಲಿಸಿ. ಫೇಸ್‌ಬುಕ್ ತನ್ನ ಕಂಪ್ಯೂಟರುಗಳಿಂದ ಎಲ್ಲವನ್ನೂ ಅಳಿಸಿ ಮುಗಿಸಲು 90 ದಿನದ ತನಕ ಹಿಡಿಯುತ್ತದೆ. ಅಪ್ಪ ಬೇರೆಯವರಿಗೆ ಕಳಿಸಿದ ಮೆಸೇಜುಗಳು ಮಾತ್ರ ಅವರವರ ಪೆಟ್ಟಿಗೆಯಲ್ಲಿ ಉಳಿಯುತ್ತವೆ.

ಲಿಂಕ್ ಕಳಿಸಿದ ಆ ನೆಂಟರಿಗೆ ಅಳಿಸಿದ ದಿನವೇ ಒಮ್ಮೆ, 30 ದಿನ ಕಳೆದ ಮೇಲೆ ಇನ್ನೊಮ್ಮೆ ಅದೇ ಲಿಂಕ್ ಒತ್ತಿ ನೋಡಲು ಹೇಳಿ. ಎರಡು ಸಲವೂ ಪುಟ ಸಿಗಲಿಲ್ಲ ಅಂತ ಬಂದರೆ, ಆಯಿತು ಅಂತ ಅಪ್ಪನಿಗೆ ಹೇಳಬಹುದು.